ಖಾಲಿ ಸೈಟಿನ ಫೋಟೋಗೆ ಮರ ಕೂರಿಸುವಾಗ ಅಳತೆ ಎಲ್ಲಿಂದ ತರಬೇಕು?

ಪ್ರಶ್ನೆ: "ಸರ್, ಚಿಕ್ಕಬಳ್ಳಾಪುರದಲ್ಲಿ ಸಣ್ಣ ಡಿಟಿಪಿ ಅಂಗಡಿ ಇದೆ. ಒಬ್ಬ ಬಿಲ್ಡರ್ ಹೊಸ ಲೇಔಟಿನ ಖಾಲಿ ಸೈಟಿನ ಫೋಟೋ ಕೊಟ್ಟು, ಬ್ರೋಷರ್‌ಗೆ ಮರ, ಗಿಡ, ಲಾನ್ ಹಾಕಿಕೊಡಿ ಅಂದಿದ್ದಾರೆ. ಸೈಟು 30×40. ಹಿಂದೆ ನಂದಿ ಬೆಟ್ಟ ಕಾಣುತ್ತೆ. ನಾನು ಹಾಕಿದ್ದು ನೋಡಿ 'ಮರ ಅಂಟಿಸಿದ ಹಾಗಿದೆ, ಸೈಟು ಚಿಕ್ಕದಾಗಿ ಕಾಣ್ತಿದೆ' ಅಂತಾರೆ. ಮರ ಎಷ್ಟು ದೊಡ್ಡದಿರಬೇಕು ಅಂತ ಹೇಗೆ ತಿಳಿಯೋದು? ಫೋಟೋಶಾಪ್ ಚೆನ್ನಾಗಿ ಬರುತ್ತೆ."

ಉತ್ತರ:

ನಿಮ್ಮ ಬಿಲ್ಡರ್ ಹೇಳಿದ ಎರಡು ಮಾತೂ ಒಂದೇ ತಪ್ಪಿನಿಂದ ಬಂದಿವೆ. ಮರ ಅಳತೆ ಮೀರಿದೆ. ಫೋಟೋ ನೋಡುವವರು ಸೈಟನ್ನು ಅಡಿ ಲೆಕ್ಕದಲ್ಲಿ ನೋಡುವುದಿಲ್ಲ. ಮರ ಎಷ್ಟು ಎತ್ತರ ಇರುತ್ತೆ ಅಂತ ಅವರ ಕಣ್ಣಿಗೆ ಗೊತ್ತು, ಅದನ್ನೇ ಅಳತೆಗೋಲು ಮಾಡಿಕೊಂಡು ಪಕ್ಕದ ನೆಲವನ್ನು ಅಳೆಯುತ್ತಾರೆ. ಮರ ದೊಡ್ಡದಾದಷ್ಟೂ ಸೈಟು ಕುಗ್ಗುತ್ತದೆ. ಮರ ಚಿಕ್ಕದಾದರೆ 30×40 ಸೈಟು ಮೈದಾನದ ಹಾಗೆ ಕಾಣುತ್ತದೆ. ಬಿಲ್ಡರ್‌ಗೆ ಅದು ಇಷ್ಟ ಆಗಬಹುದು, ಆದರೆ ಅದು ಸುಳ್ಳು.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಕೋಲಾರದ ಹತ್ತಿರದ ಒಂದು ಲೇಔಟಿಗೆ ಬ್ರೋಷರ್ ಮಾಡುವಾಗ ಚೆನ್ನಾಗಿದೆ ಅಂತ ಒಂದು ಮಳೆಮರದ ಚಿತ್ರ ತಂದು ಸೈಟಿನ ಮೂಲೆಯಲ್ಲಿ ನಿಲ್ಲಿಸಿದ್ದೆ. ಬೆಳೆದ ಮಳೆಮರದ ಹರವು 60 ಅಡಿ ದಾಟುತ್ತದೆ. ಬ್ರೋಷರ್ ಕೈಯಲ್ಲಿ ಹಿಡಿದ ಒಬ್ಬ ಹಿರಿಯರು, "ಈ ಮರ ಬಂದ್ರೆ ಮನೆ ಎಲ್ಲಪ್ಪಾ ಕಟ್ಟೋದು?" ಅಂತ ಕೇಳಿದರು. ಆಮೇಲೆ ನಾನು ಕಣ್ಣಂದಾಜಿನಲ್ಲಿ ಮರ ಹಾಕುವುದನ್ನು ಬಿಟ್ಟೆ.

ಅಳತೆಗೆ ಬೇಕಾದ್ದೆಲ್ಲ ನಿಮ್ಮ ಫೋಟೋದಲ್ಲೇ ಇದೆ. ಸೈಟಿನ ನಾಲ್ಕು ಮೂಲೆ ಕಲ್ಲುಗಳು ಕಾಣುತ್ತಿದ್ದರೆ ಸಾಕು. ಕಾಣದಿದ್ದರೆ ಯಾರನ್ನಾದರೂ ಕಳಿಸಿ, ಕಲ್ಲಿಗೆ ಸುಣ್ಣ ಬಳಿಸಿ, ಇನ್ನೊಮ್ಮೆ ಫೋಟೋ ತೆಗೆಸಿ. ಅರ್ಧ ದಿನದ ಕೆಲಸ, ಆದರೆ ಮುಂದಿನ ಎರಡು ದಿನದ ತಲೆನೋವು ತಪ್ಪುತ್ತದೆ.

ಮೊದಲು ದಿಗಂತದ ಗೆರೆ ಹುಡುಕಬೇಕು. ಇಲ್ಲೇ ನಮ್ಮ ಕಡೆಯವರು ಜಾಸ್ತಿ ಎಡವುವುದು. ಬೆಟ್ಟದ ಅಂಚನ್ನೇ ದಿಗಂತ ಅಂದುಕೊಳ್ಳುತ್ತಾರೆ. ನಂದಿ ಬೆಟ್ಟ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರ, ಸುತ್ತಲಿನ ಬಯಲಿಗಿಂತ ನೂರಾರು ಮೀಟರ್ ಮೇಲೆದ್ದು ನಿಂತಿದೆ. ಅದರ ಅಂಚು ದಿಗಂತವಲ್ಲ, ದಿಗಂತ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ನೆಲ ಒಂದೇ ಮಟ್ಟದಲ್ಲಿ ಕೊನೆಯಿಲ್ಲದೆ ಹೋಗಿದ್ದರೆ ಆಕಾಶವನ್ನು ಎಲ್ಲಿ ಮುಟ್ಟುತ್ತಿತ್ತೋ ಅದು ನಮಗೆ ಬೇಕಾದ ಗೆರೆ. ಅದನ್ನು ಹುಡುಕುವುದು ಸುಲಭ. ಎಡಗಡೆಯ ಮುಂದಿನ ಕಲ್ಲಿನ ಬುಡದಿಂದ ಹಿಂದಿನ ಕಲ್ಲಿನ ಬುಡಕ್ಕೆ ಒಂದು ಗೆರೆ ಎಳೆದು ಅದೇ ದಿಕ್ಕಿನಲ್ಲಿ ಇನ್ನೂ ಆಚೆಗೆ ಚಾಚಿ. ಬಲಗಡೆಯೂ ಹಾಗೇ ಮಾಡಿ. ಎರಡು ಗೆರೆ ಸೇರುವ ಜಾಗದಲ್ಲಿ ಅಡ್ಡಲಾಗಿ ಒಂದು ಗೈಡ್ ಇಡಿ. ಸೈಟಿನ ಈ ಪಕ್ಕದ ಗೆರೆಗಳಿಗೆ ಸಮಾನಾಂತರವಾಗಿ ಹಿಂದಕ್ಕೆ ಹೋಗುವ ರಸ್ತೆ ಇದ್ದು, ಅದರ ಎರಡೂ ಬದಿ ಕಲ್ಲುಕಟ್ಟು ಆಗಿದ್ದರೆ ಅದರ ಗೆರೆಗಳೂ ಅಲ್ಲಿಗೇ ಬಂದು ಸೇರಬೇಕು. ಸೇರಿದರೆ ಧೈರ್ಯವಾಗಿ ಮುಂದುವರಿಯಿರಿ.

ಇನ್ನು ಒಂದು ಫೋಟೋವನ್ನು ಪೂರ್ತಿ ಲೆಕ್ಕ ಹಾಕಿ ತೋರಿಸುತ್ತೇನೆ. ಮೊಬೈಲಿನ ಫೋಟೋ, 4000×3000 ಪಿಕ್ಸೆಲ್ ಅಂದುಕೊಳ್ಳಿ. ಸೈಟಿನ 30 ಅಡಿಯ ಮುಂಭಾಗ ನೇರವಾಗಿ ಕ್ಯಾಮೆರಾ ಕಡೆಗಿದೆ. ಗೆರೆ ಚಾಚಿದಾಗ ದಿಗಂತ ಮೇಲಿನಿಂದ 1200ನೇ ಪಿಕ್ಸೆಲ್‌ನಲ್ಲಿ ಸಿಕ್ಕಿತು. ಮುಂದಿನ ಎರಡು ಕಲ್ಲುಗಳ ಬುಡ 1680ರಲ್ಲಿದೆ. ಅಂದರೆ ದಿಗಂತದಿಂದ 480 ಪಿಕ್ಸೆಲ್ ಕೆಳಗೆ. ಆ ಎರಡು ಕಲ್ಲುಗಳ ನಡುವೆ Ruler Tool ಹಿಡಿದರೆ 1800 ಪಿಕ್ಸೆಲ್ ಬಂತು. 1800 ಪಿಕ್ಸೆಲ್ ಅಂದರೆ 30 ಅಡಿ. ಹಾಗಾಗಿ ಕಲ್ಲುಗಳ ಸಾಲಿನಲ್ಲಿ ಒಂದು ಅಡಿಗೆ 60 ಪಿಕ್ಸೆಲ್.

ಈ 60 ಅನ್ನುವ ಸಂಖ್ಯೆ ಅಗಲಕ್ಕೆ ಮಾತ್ರ ಅಲ್ಲ. ಅದೇ ಸಾಲಿನಲ್ಲಿ ನೆಟ್ಟಗೆ ನಿಂತ ಯಾವುದಕ್ಕಾದರೂ ಅದೇ ಲೆಕ್ಕ. ಅಲ್ಲಿ ನಿಂತ 15 ಅಡಿಯ ಹೊಂಗೆ ಮರ 900 ಪಿಕ್ಸೆಲ್ ಎತ್ತರ ಇರಬೇಕು. ಅದರ ಹರವು 12 ಅಡಿ ಅಂದರೆ 720 ಪಿಕ್ಸೆಲ್ ಅಗಲ. ಅಲ್ಲಿಗೆ ಆ ಸಾಲು ಮುಗಿಯಿತು.

ಬೇರೆ ಸಾಲುಗಳಿಗೆ ಮತ್ತೆ ಕಲ್ಲು ಹುಡುಕಬೇಕಿಲ್ಲ. ದಿಗಂತದಿಂದ ಎಷ್ಟು ಕೆಳಗೆ ಅನ್ನುವುದನ್ನು ಅಡಿಗೆ ಎಷ್ಟು ಪಿಕ್ಸೆಲ್ ಅನ್ನುವುದರಿಂದ ಭಾಗಿಸಿ. 480ನ್ನು 60ರಿಂದ ಭಾಗಿಸಿದರೆ 8. ಇದು ಸುಮ್ನೆ ಬಂದ ಸಂಖ್ಯೆ ಅಲ್ಲ, ಕ್ಯಾಮೆರಾ ಸೈಟಿನ ನೆಲದಿಂದ 8 ಅಡಿ ಎತ್ತರದಲ್ಲಿತ್ತು ಅಂತ ಅರ್ಥ. ನಿಂತು ಫೋಟೋ ತೆಗೆದರೆ ಮೊಬೈಲ್ ಸುಮಾರು 5 ಅಡಿಯಲ್ಲಿರುತ್ತದೆ. ಇಲ್ಲಿ 8 ಬಂದಿದೆ ಅಂದರೆ ಹುಡುಗ ಮಣ್ಣಿನ ಗುಡ್ಡೆ ಹತ್ತಿಯೋ, ಟ್ರ್ಯಾಕ್ಟರ್ ಟ್ರೈಲರ್ ಮೇಲೆ ನಿಂತೋ ತೆಗೆದಿದ್ದಾನೆ. ಸೈಟು ಚೆನ್ನಾಗಿ ಕಾಣಲಿ ಅಂತ ಲೇಔಟಿನವರು ಹೀಗೇ ಮಾಡುವುದು.

ಈ 8 ಸಿಕ್ಕಿದ ಮೇಲೆ ಲೆಕ್ಕ ಒಂದೇ ಸಾಲಿನದು. ಮರದ ಬುಡದಿಂದ ದಿಗಂತದವರೆಗಿನ ಪಿಕ್ಸೆಲ್ ಅಂದರೆ 8 ಅಡಿ. ಮರ 15 ಅಡಿಯದು ಬೇಕಿದ್ದರೆ ಆ ಪಿಕ್ಸೆಲ್ಲನ್ನು 15ರಿಂದ ಗುಣಿಸಿ 8ರಿಂದ ಭಾಗಿಸಿ. ಸೈಟಿನ ಹಿಂದಿನ ಕಲ್ಲುಗಳು 1467ರಲ್ಲಿವೆ, ದಿಗಂತದಿಂದ 267 ಕೆಳಗೆ. ಅಲ್ಲಿ ಅದೇ ಮರ 500 ಪಿಕ್ಸೆಲ್. ಇನ್ನೂ ದೂರ, 1300ರಲ್ಲಿ ಬುಡ ಇಟ್ಟರೆ 188 ಪಿಕ್ಸೆಲ್. ಮೂರೂ ಮರ ಒಂದೇ ಎತ್ತರದವು. ದಿಗಂತದ ಗೆರೆ ಮೂರನ್ನೂ ನೆಲದಿಂದ 8 ಅಡಿಗೆ, ಅಂದರೆ ಅರ್ಧಕ್ಕಿಂತ ಒಂಚೂರು ಮೇಲೆ, ಕತ್ತರಿಸುತ್ತದೆ. ಮುಗಿದ ಮೇಲೆ ಗೈಡ್ ಆನ್ ಮಾಡಿ ನೋಡಿದರೆ ಸಾಕು. ಯಾವ ಮರದಲ್ಲಿ ಗೆರೆ ಬೇರೆ ಕಡೆ ಕತ್ತರಿಸುತ್ತಿದೆಯೋ ಅದು ತಪ್ಪು.

ಈಗ ನಿಮ್ಮ ಚಿತ್ರದಲ್ಲಿ ಏನಾಗಿರಬಹುದು ನೋಡಿ. ಕ್ಯಾಮೆರಾ 5 ಅಡಿಯಲ್ಲಿತ್ತು ಅಂತ ಅಂದಾಜು ಮಾಡಿ 15 ಅಡಿ ಮರ ಇಟ್ಟಿದ್ದರೆ, ಮುಂದಿನ ಕಲ್ಲಿನ ಹತ್ತಿರ ಅದು 480ರ ಮೂರು ಪಟ್ಟು, 1440 ಪಿಕ್ಸೆಲ್ ಆಗುತ್ತದೆ. ಅಲ್ಲಿ ಅಡಿಗೆ 60 ತಾನೆ? ಹಾಗಾದರೆ ನೀವು ನಿಲ್ಲಿಸಿದ್ದು 24 ಅಡಿಯ ಮರ. 30 ಅಡಿ ಅಗಲದ ಸೈಟಿನ ಪಕ್ಕ 24 ಅಡಿಯ ಮರ ನಿಂತರೆ, ಅದನ್ನು 15 ಅಡಿ ಅಂದುಕೊಂಡು ನೋಡುವ ಕಣ್ಣಿಗೆ ಸೈಟು 19 ಅಡಿಯ ಹಾಗೆ ಕಾಣುತ್ತದೆ. ಬಿಲ್ಡರ್ ಗೊಣಗಿದ್ದರಲ್ಲಿ ತಪ್ಪಿಲ್ಲ ಅಲ್ವಾ?

ಒಂದು ಎಚ್ಚರ. ದೂರದ ಮರಗಳಲ್ಲಿ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ದಿಗಂತ 20 ಪಿಕ್ಸೆಲ್ ಆಚೀಚೆ ಆದರೆ ಮುಂದಿನ ಮರದಲ್ಲಿ 480ಕ್ಕೆ 20, ಯಾರಿಗೂ ಗೊತ್ತಾಗುವುದಿಲ್ಲ. 1300ರಲ್ಲಿ ಬುಡ ಇಟ್ಟ ದೂರದ ಮರದಲ್ಲಿ 100ಕ್ಕೆ 20, ಅಂದರೆ ಐದರಲ್ಲಿ ಒಂದು ಪಾಲು. ಮೂರಡಿ ಮರ ಹೆಚ್ಚೋ ಕಡಿಮೆಯೋ ಆಗಿಬಿಡುತ್ತದೆ. ಅದಕ್ಕೇ ದೂರದಲ್ಲಿ ಫೋಟೋದಲ್ಲಿ ಮೊದಲೇ ಇರುವ ಕರೆಂಟು ಕಂಬವನ್ನೋ, ಮನೆಯನ್ನೋ, ಎಮ್ಮೆಯನ್ನೋ ಪಕ್ಕ ಇಟ್ಟು ಹೋಲಿಸಿ.

ನಮ್ಮ ಕಡೆ ನೆಲ ಮಟ್ಟಸವಾಗಿ ಇರುವುದೇ ಅಪರೂಪ. ಸೈಟು ಮುಂದಿನಿಂದ ಹಿಂದಕ್ಕೆ ಒಂದೇ ಇಳಿಜಾರಿನಲ್ಲಿದ್ದರೆ ತೊಂದರೆ ಇಲ್ಲ. ಕಲ್ಲಿನ ಗೆರೆಗಳು ಸೇರುವ ಜಾಗ ನಿಜವಾದ ದಿಗಂತಕ್ಕಿಂತ ಸ್ವಲ್ಪ ಮೇಲೋ ಕೆಳಗೋ ಬರುತ್ತದೆ, ಆದರೆ ಆ ಸೈಟಿನ ಮಟ್ಟಿಗೆ ಲೆಕ್ಕ ಅದರಿಂದಲೇ ಸರಿಯಾಗುತ್ತದೆ. ಆದರೆ ಜೆಸಿಬಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮಟ್ಟ ಮಾಡಿದ್ದರೆ ಒಂದು ಮೆಟ್ಟಿಲಿನ ಲೆಕ್ಕ ಇನ್ನೊಂದಕ್ಕೆ ನಡೆಯುವುದಿಲ್ಲ. ಪ್ರತಿ ಮೆಟ್ಟಿಲಿನಲ್ಲೂ ಅಗಲ ಗೊತ್ತಿರುವ ಒಂದು ಜಾಗ ಹಿಡಿದು, ಅಡಿಗೆ ಎಷ್ಟು ಪಿಕ್ಸೆಲ್ ಅಂತ ಹೊಸದಾಗಿ ನೋಡಬೇಕು. ಡ್ರೋನ್ ಫೋಟೋ ಕೊಟ್ಟರೆ ಬೇಡ ಅನ್ನಿ. ಮೇಲಿನಿಂದ ನೋಡಿದಾಗ ಮರದ ನೆತ್ತಿ ಕಾಣಬೇಕು. ನೆಲದಲ್ಲಿ ನಿಂತು ತೆಗೆದ ಮರದ ಚಿತ್ರವನ್ನು ಅಲ್ಲಿ ಹಾಕಿದರೆ ರಟ್ಟಿನ ಗೊಂಬೆ ನಿಲ್ಲಿಸಿದಂತಾಗುತ್ತದೆ.

ಇನ್ನು ಲಾನ್. ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಭಾಗ ಇದು, ಯಾಕೆಂದರೆ ಒಂದೇ ಏಟಿಗೆ ಮೂರು ಕೆಲಸ ಆಗುತ್ತದೆ. ಮೊದಲು ಸೈಟಿನ ನಕ್ಷೆಯನ್ನೇ ಬರೆಯಿರಿ. ಹೊಸ ಫೈಲಿನಲ್ಲಿ ಅಡಿಗೆ 60 ಪಿಕ್ಸೆಲ್ ಲೆಕ್ಕದಲ್ಲಿ 1800×2400ರ ಒಂದು ಆಯತ. ಇದು ಮೇಲಿನಿಂದ ನೋಡಿದ 30×40 ಸೈಟು. ಇದರೊಳಗೆ ಹುಲ್ಲು ತುಂಬಿ. ಹುಲ್ಲಿನ ಚಿತ್ರ ನೆಟ್ಟಗೆ ಮೇಲಿನಿಂದ ತೆಗೆದದ್ದೇ ಇರಬೇಕು. ಯಾವುದಾದರೂ ಪಾರ್ಕಿನಲ್ಲಿ ಲಾನಿನ ಮೇಲೆ ಮೊಬೈಲನ್ನು ಅಡ್ಡಡ್ಡ ಹಿಡಿದು ನಾಲ್ಕಡಿ ಜಾಗ ತೆಗೆದುಕೊಂಡು ಬನ್ನಿ. ಅದನ್ನು 240 ಪಿಕ್ಸೆಲ್‌ಗೆ ಇಳಿಸಿ ಆಯತದಲ್ಲಿ ಹರಡಿ. ಒಂದೇ ತುಂಡನ್ನು ಸಾಲಾಗಿ ಇಟ್ಟರೆ ಚೌಕ ಚೌಕ ಕಾಣುತ್ತದೆ. ಮೂರು ನಾಲ್ಕು ತುಂಡು ತಿರುಗಿಸಿ ಬೆರೆಸಿ.

ಆಮೇಲೆ ಅದನ್ನು Smart Object ಮಾಡಿ, ಫೋಟೋ ಮೇಲೆ ತಂದು, Edit > Transform > Distort ತೆಗೆದು, ಆಯತದ ನಾಲ್ಕು ಮೂಲೆಯನ್ನು ನಾಲ್ಕು ಕಲ್ಲಿನ ಬುಡಕ್ಕೆ ಎಳೆದು ಕೂರಿಸಿ. ದೂರಕ್ಕೆ ಹೋದ ಹಾಗೆ ಹುಲ್ಲು ಎಷ್ಟು ಒತ್ತಾಗಬೇಕು ಅನ್ನುವುದನ್ನು ಫೋಟೋಶಾಪೇ ನೋಡಿಕೊಳ್ಳುತ್ತದೆ.

ಇಲ್ಲಿ ಎಲೆಯ ಅಳತೆ ಗಮನಿಸಿ. ಲಾನ್ ಹುಲ್ಲಿನ ಎಸಳು ಸುಮಾರು 2 ಮಿಲಿಮೀಟರ್ ಅಗಲ. ನಮ್ಮ ಫೋಟೋದಲ್ಲಿ ಕಲ್ಲಿನ ಸಾಲಿನ ಹತ್ತಿರ ಅದು ಅರ್ಧ ಪಿಕ್ಸೆಲ್ ಕೂಡ ಇಲ್ಲ. ಅಂದರೆ ಸೈಟಿನ ಲಾನಿನಲ್ಲಿ ಎಸಳು ಒಂದೊಂದಾಗಿ ಕಾಣಲೇಬಾರದು. ಹಸಿರಿನಲ್ಲಿ ಸಣ್ಣ ಏರುಪೇರು ಕಾಣಬೇಕು, ಅಷ್ಟೇ. ಇಂಟರ್ನೆಟ್‌ನಿಂದ ತಂದ ಹುಲ್ಲನ್ನು ಹಾಗೇ ಹಾಕಿದರೆ ಎಸಳು ಇಪ್ಪತ್ತು ಪಿಕ್ಸೆಲ್ ದಪ್ಪ ಇರುತ್ತದೆ. ಆ ಲೆಕ್ಕದಲ್ಲಿ ಅದು ನಾಲ್ಕು ಇಂಚು ಅಗಲದ ಹುಲ್ಲು. ಬಾಳೆ ಗಿಡಕ್ಕೆ ಹತ್ತಿರ! 'ಅಂಟಿಸಿದ ಹಾಗಿದೆ' ಅನ್ನುವ ಮಾತು ಅರ್ಧ ಇಲ್ಲಿಂದ ಬರುತ್ತದೆ.

ಪೊದೆ ಗಿಡಕ್ಕೂ ಇದೇ ಪರೀಕ್ಷೆ. ಕಲ್ಲಿನ ಸಾಲಿನಲ್ಲಿ ಮೂರಡಿ ದಾಸವಾಳ 180 ಪಿಕ್ಸೆಲ್, ಎರಡಡಿ ಡುರಾಂಟಾ ಗಿಡದ ಬೇಲಿ 120. ಎತ್ತರ ಸರಿ ಇದ್ದರೂ ಎಲೆ ಮೋಸ ಮಾಡುತ್ತದೆ. ದಾಸವಾಳದ ಎಲೆ ಮೂರು ಇಂಚಿನದಾದರೆ 15 ಪಿಕ್ಸೆಲ್ ಇರಬೇಕು. ಕುಂಡದ ಚಿಕ್ಕ ಗಿಡವನ್ನು ಹಿಗ್ಗಿಸಿ ಪೊದೆ ಮಾಡಿದರೆ ಎಲೆ 50, 60 ಆಗಿಬಿಡುತ್ತದೆ, ಒಂದಡಿ ಎಲೆಯ ದಾಸವಾಳ. ಹಿಗ್ಗಿಸಬೇಡಿ. ಅದೇ ಗಿಡವನ್ನು ಐದಾರು ಸಲ ಒತ್ತಾಗಿ ಇಟ್ಟು ಪೊದೆ ಮಾಡಿ, ಕೆಲವನ್ನು Flip ಮಾಡಿ.

ನಕ್ಷೆಯ ಎರಡನೇ ಉಪಯೋಗ ಮರದ ಜಾಗ. ಆಯತದಲ್ಲೇ ಹೊಸ ಲೇಯರ್ ಹಾಕಿ, ಎಲ್ಲೆಲ್ಲಿ ಮರ ಬೇಕೋ ಅಲ್ಲಿ ಚುಕ್ಕಿ ಇಟ್ಟು, ಸುತ್ತ ಅದರ ಹರವಿನ ವೃತ್ತ ಬರೆಯಿರಿ. 12 ಅಡಿ ಹರವಿಗೆ 720 ಪಿಕ್ಸೆಲ್ ವೃತ್ತ. ಹೀಗೆ ಬರೆದ ತಕ್ಷಣ 30×40ರಲ್ಲಿ ಮನೆ ಬಿಟ್ಟು ಉಳಿದ ಜಾಗಕ್ಕೆ ಎಷ್ಟು ಮರ ಹಿಡಿಯುತ್ತದೆ ಅಂತ ಕಣ್ಣಿಗೆ ಬೀಳುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಒಳಗೆ ಒಂದೇ ಮರ, ಮುಂದಿನ ಮೂಲೆಯಲ್ಲಿ. ಅದರ ಹರವು ಸ್ವಲ್ಪ ರಸ್ತೆ ಕಡೆ ಚಾಚಲಿ. ಉಳಿದವು ರಸ್ತೆ ಅಂಚಿನಲ್ಲಿ, 20 ಅಡಿಗೊಂದರಂತೆ. ರಸ್ತೆ ಅಂಚಿಗಾಗಿ ನಕ್ಷೆಯನ್ನು ಮೊದಲೇ ಮುಂದಕ್ಕೆ ಹತ್ತಡಿ ದೊಡ್ಡದಾಗಿ ಬರೆದುಕೊಳ್ಳಿ. Distort ಮಾಡುವಾಗ ನಕ್ಷೆಯಲ್ಲಿ ಗುರುತು ಮಾಡಿದ ಮೂಲೆಗಳು ಕಲ್ಲಿಗೆ ಸರಿಯಾಗಿ ಕೂತರೆ ಆಯಿತು. ಚುಕ್ಕಿ ಬಿದ್ದ ಜಾಗ ಮರದ ಬುಡ. ಅಲ್ಲಿಂದ ದಿಗಂತಕ್ಕೆ ಅಳೆದು ಎತ್ತರ ಹಾಕಿ.

ಮರದ ಜಾತಿ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಹೊಂಗೆ, ಬೇವು, ಸಂಪಿಗೆ ಸಾಕು. ಹಿಂದೆ ಹೊಲದ ಬದುವಿನಲ್ಲಿ ಸಿಲ್ವರ್ ಓಕ್ ಇದ್ದರೆ ನಮ್ಮ ಊರಿನ ಚಿತ್ರ ಅನ್ನಿಸುತ್ತದೆ. ಪೈನ್, ಮೇಪಲ್ ಹಾಕಿದರೆ ಕೆಂಪು ಮಣ್ಣಿನ ಮೇಲೆ ಅವು ನೆಂಟರ ಹಾಗೆ ನಿಲ್ಲುತ್ತವೆ. ಚಿತ್ರ ನೀವೇ ತೆಗೆದರೆ ಒಳ್ಳೆಯದು. ದೂರ ನಿಂತು ಜೂಮ್ ಮಾಡಿ, ಹಿಂದೆ ಬರೀ ಆಕಾಶ ಇರುವ ಹಾಗೆ ತೆಗೆಯಿರಿ. ಮರದ ಬುಡಕ್ಕೆ ಹತ್ತಿರ ಹೋಗಿ ತಲೆ ಎತ್ತಿ ತೆಗೆದ ಚಿತ್ರದಲ್ಲಿ ಕೊಂಬೆಗಳ ಅಡಿಭಾಗ ಕಾಣುತ್ತದೆ. ಅದು 8 ಅಡಿ ಎತ್ತರದಿಂದ ನೋಡುವ ಫೋಟೋಗೆ ಹೊಂದುವುದೇ ಇಲ್ಲ. ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ ಅನ್ನುವುದೂ ಎರಡರಲ್ಲೂ ಒಂದೇ ಇರಬೇಕು. Flip Horizontal ಮಾಡಿದರೆ ಅರ್ಧ ಸಲ ಸರಿಹೋಗುತ್ತದೆ.

ಮೂರನೇ ಉಪಯೋಗ ನೆರಳು. ಮರದ ಚಿತ್ರವನ್ನೇ ಕಪ್ಪು ಮಾಡಿ ನೆಲಕ್ಕೆ ಮಲಗಿಸುವುದು ಎಲ್ಲರ ಅಭ್ಯಾಸ. ಅದು ದೂರದ ಮರಕ್ಕೆ ನಡೆಯುತ್ತದೆ. ಮುಂದಿನ ಮರಕ್ಕೆ ನಾನು ನಕ್ಷೆಯಲ್ಲೇ ನೆರಳು ಬರೆಯುತ್ತೇನೆ. ಫೋಟೋದಲ್ಲಿ ಮೂಲೆ ಕಲ್ಲಿನ ನೆರಳು ನೋಡಿ. ಕಲ್ಲು ನೆಲದಿಂದ ಒಂದೂವರೆ ಅಡಿ, ಅದರ ನೆರಳು ನೆಲದ ಅಳತೆಯಲ್ಲಿ ಒಂದೂವರೆ ಅಡಿ ಇದೆ ಅಂದುಕೊಳ್ಳಿ. ಹಾಗಾದರೆ ನೆರಳು ಎತ್ತರದಷ್ಟೇ ಉದ್ದ. 15 ಅಡಿ ಮರದ ನೆತ್ತಿಯ ನೆರಳು ಬುಡದಿಂದ 15 ಅಡಿಗೆ ಬೀಳುತ್ತದೆ. ಎಲೆಗುಂಪಿನ ನಡುಭಾಗ ಸುಮಾರು 10 ಅಡಿ ಎತ್ತರದಲ್ಲಿರುವುದರಿಂದ ನೆರಳಿನ ನಡುಭಾಗ 10 ಅಡಿ ದೂರಕ್ಕೆ. ನಕ್ಷೆಯಲ್ಲಿ ಕಲ್ಲಿನ ನೆರಳಿನ ದಿಕ್ಕಿಗೇ 10 ಅಡಿ ಸರಿದು, ಒಂದು ಉದ್ದುರುಟು ಆಕಾರವನ್ನು ಅಂಚು ಹರಿದ ಬ್ರಷ್‌ನಿಂದ ಬರೆಯಿರಿ, ನಡುವೆ ಬಿಸಿಲಿನ ತೂತುಗಳು ಇರಲಿ. ಬುಡದಿಂದ ಅಲ್ಲಿಗೆ ಕಾಂಡದ ತೆಳು ಪಟ್ಟಿ. ಹುಲ್ಲಿನ ಜೊತೆಗೇ ಇದೂ Distort ಆಗುತ್ತದೆ, ಹಾಗಾಗಿ ನೆಲಕ್ಕೆ ಒರಗಿದ ಹಾಗೆ ಕೂರುತ್ತದೆ. ಇದನ್ನು ಹುಲ್ಲಿನಿಂದ ಬೇರೆ ಲೇಯರ್ ಆಗಿ Multiply ನಲ್ಲಿ ಇಡಿ. ಬಣ್ಣ ಕಪ್ಪು ಬೇಡ. ಫೋಟೋದಲ್ಲೇ ಇರುವ ಕಲ್ಲಿನ ನೆರಳಿನ ಗಾಢತೆ ನೋಡಿ, ಅಷ್ಟಕ್ಕೆ ಬರುವವರೆಗೆ Opacity ಇಳಿಸಿ. ಕಾಂಡ ನೆಲ ಮುಟ್ಟುವ ಕಡೆ ಮಾತ್ರ ನಾಲ್ಕೈದು ಪಿಕ್ಸೆಲ್ ಗಾಢವಾಗಿ ಇರಲಿ, ಇಲ್ಲದಿದ್ದರೆ ಮರ ತೇಲುತ್ತದೆ. ಮಧ್ಯಾಹ್ನದ ಫೋಟೋ ಆಗಿದ್ದು ಕಲ್ಲಿಗೆ ನೆರಳೇ ಇಲ್ಲದಿದ್ದರೆ ಮರದ ನೆರಳೂ ಬುಡದಲ್ಲೇ ಬೀಳಬೇಕು. ಚೆನ್ನಾಗಿ ಕಾಣಲಿ ಅಂತ ಸಂಜೆಯ ಉದ್ದ ನೆರಳು ಎಳೆಯಬೇಡಿ.

ಲಾನಿನ ಅಂಚು ಕತ್ತರಿಯಲ್ಲಿ ಕತ್ತರಿಸಿದಂತೆ ಇರಬಾರದು. ಲೇಯರ್ ಮಾಸ್ಕ್ ಹಾಕಿ ಹುಲ್ಲಿನ ಬ್ರಷ್‌ನಿಂದ ಅಂಚು ಸವರಿ, ಬೇಲಿ ಗಿಡದ ಬುಡದಲ್ಲಿ ಒಂದಡಿ ಕೆಂಪು ಮಣ್ಣು ಕಾಣುವ ಹಾಗೆ ಬಿಡಿ. ಹಸಿರನ್ನೂ ಸ್ವಲ್ಪ ಹಳದಿ ಕಡೆಗೆ ತಂದು ಮಂಕು ಮಾಡಿ. ಮಾನಿಟರ್‌ನಲ್ಲಿ ಮಿಂಚುವ ಹಸಿರು ಪ್ರೆಸ್ಸಿನಲ್ಲಿ ಹೇಗೂ ಬರುವುದಿಲ್ಲ. View > Gamut Warning ಹಾಕಿದರೆ ಎಲ್ಲಿ ಬರುವುದಿಲ್ಲ ಅಂತ ಬೂದು ಬಣ್ಣದಲ್ಲಿ ತೋರಿಸುತ್ತದೆ.

ಬಿಲ್ಡರ್ ಜೊತೆ ಮಾತಾಡುವಾಗ ಒಂದು ವಿಷಯ ನೆನಪಿರಲಿ. ರಿಯಲ್ ಎಸ್ಟೇಟ್ ವ್ಯವಹಾರ ನಿಯಂತ್ರಿಸುವ 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಜಾಹೀರಾತಿನಲ್ಲಿದ್ದ ತಪ್ಪು ಮಾಹಿತಿ ನಂಬಿ ಹಣ ಕೊಟ್ಟು ನಷ್ಟ ಆದವರಿಗೆ ಪ್ರವರ್ತಕರು ಪರಿಹಾರ ಕೊಡಬೇಕಾಗುತ್ತದೆ. ಹಾಗಾಗಿ ಮರ ಯಾವ ವಯಸ್ಸಿನದು ಅಂತ ಮೊದಲೇ ಕೇಳಿ. ನೆಡುವುದು ಆರಡಿ ಸಸಿ ಆದರೆ 15 ಅಡಿ ಮರ ಕೆಲವು ವರ್ಷದ ನಂತರದ ನೋಟ. ಚಿತ್ರದ ಕೆಳಗೆ 'ಕಲ್ಪನಾ ಚಿತ್ರ, ಗಿಡಗಳು ಬೆಳೆದ ನಂತರ' ಅಂತ ಓದಲು ಬರುವ ಅಕ್ಷರದಲ್ಲಿ ಹಾಕಿ. ನೆಡುವ ಯೋಚನೆಯೇ ಇಲ್ಲ ಅಂದರೆ ಹಾಕಬೇಡಿ.

ಎಲ್ಲ ಮುಗಿದ ಮೇಲೆ ಒಬ್ಬ ಮನುಷ್ಯನ ಚಿತ್ರ ತಂದು ಮುಂದಿನ ಕಲ್ಲಿನ ಪಕ್ಕ ನಿಲ್ಲಿಸಿ. ಐದೂವರೆ ಅಡಿ ಆಳು ಅಲ್ಲಿ 330 ಪಿಕ್ಸೆಲ್, ತಲೆ ದಿಗಂತದ ಗೆರೆಗಿಂತ ಕೆಳಗೇ ಇರುತ್ತದೆ. ಅವನ ಪಕ್ಕ ಮರ, ಬೇಲಿ, ದಾಸವಾಳ ಹೇಗೆ ಕಾಣುತ್ತವೆ ನೋಡಿ. ಬೇಲಿ ಮೊಣಕಾಲು ದಾಟಿ ತೊಡೆಯ ನಡುವಿಗೆ ಬರಬೇಕು, ಮರ ಅವನ ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಇರಬೇಕು. ಸರಿ ಅನ್ನಿಸಿದರೆ ಅವನನ್ನು ಅಳಿಸಿ. ಆದರೆ ದಿಗಂತದ ಗೈಡ್ ಮತ್ತು ನಕ್ಷೆಯ Smart Object ಅಳಿಸಬೇಡಿ, ಫೈಲಿನಲ್ಲೇ ಇರಲಿ. ನಾಳೆ ಬಿಲ್ಡರ್ ಫೋನ್ ಮಾಡಿ, "ಆ ಮರ ಸ್ವಲ್ಪ ಹಿಂದಕ್ಕೆ ಹಾಕಿ" ಅಂತಾರೆ. ನಕ್ಷೆ ತೆರೆದು ಚುಕ್ಕಿ ಸರಿಸಿ, ಹೊಸ ಬುಡದಿಂದ ದಿಗಂತಕ್ಕೆ ಅಳೆದು ಮರವನ್ನು ಚಿಕ್ಕದು ಮಾಡಿ. ಹತ್ತು ನಿಮಿಷದ ಕೆಲಸ.